ಸೋಮವಾರ ಬೆಳಗ್ಗೆ 5:30ಕ್ಕೆ ಮುಂಚೆ ನೆಕ್‌ಲೈನ್ ಮುರಿಯುವುದಿಲ್ಲ

ದಿಲ್‌ಸುಖ್‌ನಗರದ ಮೆಟ್ರೋ ನಿಲ್ದಾಣದಿಂದ ಚೈತನ್ಯಪುರಿಯ ಕಡೆಗೆ ನಡೆದರೆ ಕಂಬ ಕಂಬಕ್ಕೂ ಕೋಚಿಂಗಿನ ಬೋರ್ಡು. ಬ್ಯಾಂಕ್ ಪರೀಕ್ಷೆ, ಗ್ರೂಪ್ಸ್, ಪೊಲೀಸ್ ನೇಮಕಾತಿ, ಸಾಫ್ಟ್‌ವೇರ್ ಕೋರ್ಸು, ಅವುಗಳ ನಡುವೆ ಈಗೀಗ ಟ್ರೇಡಿಂಗ್ ಕ್ಲಾಸು. ರಾಯಚೂರು, ಯಾದಗಿರಿ, ಬೀದರ್ ಕಡೆಯಿಂದ ನೌಕರಿ ತಯಾರಿಗೆಂದು ಬಂದು ಇಲ್ಲಿನ ಹಾಸ್ಟೆಲುಗಳಲ್ಲಿ ಉಳಿದ ಕನ್ನಡದ ಹುಡುಗರು ಈ ಕ್ಲಾಸುಗಳಲ್ಲೂ ಕೂರುತ್ತಾರೆ. ಇಲ್ಲಿನ ಕೋಚಿಂಗ್ ಭಾಷೆಯಲ್ಲಿ ಒಂದು ಅಂಕದ ಪ್ರಶ್ನೆಗೆ ‘ಬಿಟ್’ ಎನ್ನುತ್ತಾರೆ. ಬಿಟ್‌ಕಾಯಿನ್ ಚಾರ್ಟನ್ನೂ ಇಲ್ಲಿ ಕಲಿಸುವುದು ಬಿಟ್ ಥರವೇ: ಮೂರು ಗುಡ್ಡ ಕಂಡರೆ ಹೆಡ್ ಅಂಡ್ ಶೋಲ್ಡರ್ಸ್, ಉತ್ತರ ‘ಮಾರು’. ಎರಡು ಗುಂಡಿ ಕಂಡರೆ ಡಬಲ್ ಬಾಟಮ್, ಉತ್ತರ ‘ಕೊಳ್ಳು’. ಕೆಳಗಿನ ವಾಲ್ಯೂಮ್ ಕಡ್ಡಿ ಉದ್ದವಾಗಿದ್ದರೆ ಉತ್ತರ ಖಾತ್ರಿ.

ಈ ಪಾಠದ ಮೇಲೆ ನನಗೆ ತಕರಾರಿದೆ. ಚಾರ್ಟ್ ನೋಡುವುದೇ ಮೂಢನಂಬಿಕೆ ಎನ್ನುವ ಅರ್ಥಶಾಸ್ತ್ರದ ಮೇಷ್ಟರುಗಳ ತಕರಾರಲ್ಲ ನನ್ನದು. ನನ್ನ ಮಾತು ಇಷ್ಟೇ. ವಾರದ ಚಾರ್ಟಿನಲ್ಲಿ ಈ ಆಕಾರಗಳಿಗೆ ಅರ್ಥ ಬರುವುದು ನೆಕ್‌ಲೈನಿನ ಆಚೆ ವಾರ ಮುಗಿದ ಮೇಲೆ, ಅದಕ್ಕೆ ಮೊದಲಲ್ಲ. ಮತ್ತು ಅದನ್ನು ಖಾತ್ರಿ ಮಾಡುತ್ತದೆಂದು ಕಲಿಸುವ ವಾಲ್ಯೂಮ್, ಕ್ರಿಪ್ಟೋದಲ್ಲಿ ಬಹಳ ಸಲ ಬೇರೆಯೇ ಯಾವುದೋ ಕಥೆ ಹೇಳುತ್ತಿರುತ್ತದೆ. ಮೊದಲನೆಯದನ್ನು ಕ್ಲಾಸುಗಳು ಅವಸರದಲ್ಲಿ ದಾಟಿಸುತ್ತವೆ. ಎರಡನೆಯದನ್ನು ಹೇಳುವುದೇ ಇಲ್ಲ.

ಎಲ್ಲ ಕ್ಲಾಸುಗಳ ಪ್ರೀತಿಯ ಚಿತ್ರದಿಂದ ಶುರು ಮಾಡೋಣ. 2021ರ ಫೆಬ್ರವರಿ ಕೊನೆಯ ಭಾಗದಲ್ಲಿ ಬಿಟ್‌ಕಾಯಿನ್ ಸುಮಾರು 58,000 ಡಾಲರಿಗೆ ಏರಿ 43,000ದವರೆಗೆ ಇಳಿಯಿತು. ಅದು ಎಡ ಭುಜ. ಏಪ್ರಿಲ್ 14ಕ್ಕೆ 64,800 ಮುಟ್ಟಿ, ಆ ತಿಂಗಳ ಕೊನೆಗೆ 47,000ಕ್ಕೆ ಬಂತು. ಅದು ತಲೆ. ಮೇ ಎರಡನೇ ವಾರದ ಹೊತ್ತಿಗೆ 59,500ಕ್ಕೆ ಏರಿ ಮುಂದೆ ಹೋಗಲಾರದೆ ನಿಂತಿತು. ಅದು ಬಲ ಭುಜ. ಎರಡು ತಗ್ಗುಗಳನ್ನು, ಅಂದರೆ 43,000 ಮತ್ತು 47,000ವನ್ನು, ಸೇರಿಸಿ ಎಳೆದ ಗೆರೆಯೇ ನೆಕ್‌ಲೈನ್. ಸ್ವಲ್ಪ ಮೇಲ್ಮುಖವಾಗಿರುವ ಈ ಗೆರೆಯನ್ನು ಮೇ ಮಧ್ಯದವರೆಗೆ ಎಳೆದರೆ ಸುಮಾರು 48,000ದ ಹತ್ತಿರ ಬರುತ್ತದೆ. ಮೇ 16ರ ಭಾನುವಾರ ಮುಗಿದ ವಾರ 46,400ರ ಆಸುಪಾಸಿನಲ್ಲಿ, ಗೆರೆಯ ಕೆಳಗೆ, ಮುಚ್ಚಿತು. ಮೂರೇ ದಿನಕ್ಕೆ, ಮೇ 19ರಂದು, ಬೆಲೆ 30,000ಕ್ಕೆ ಬಿತ್ತು. ತಲೆಯ ತುದಿಯಿಂದ ಅದರ ಕೆಳಗಿನ ನೆಕ್‌ಲೈನಿಗೆ ಇರುವ ಎತ್ತರ ಸುಮಾರು 18,000. ಅದನ್ನು 48,000ದಿಂದ ಕಳೆದರೆ 30,000. ಪುಸ್ತಕದಲ್ಲಿ ಬರೆದಿಟ್ಟ ಹಾಗೆ!

ಚಿತ್ರ ಸುಳ್ಳಲ್ಲ. ಆದರೆ ಆ ವಾರ ಏನೇನಾಯಿತು ಎಂಬುದು ಸ್ಲೈಡಿನಲ್ಲಿ ಇರುವುದಿಲ್ಲ. ಮೇ 12ಕ್ಕೆ ಇಲಾನ್ ಮಸ್ಕ್ ಟೆಸ್ಲಾ ಕಾರಿಗೆ ಬಿಟ್‌ಕಾಯಿನ್ ತೆಗೆದುಕೊಳ್ಳುವುದನ್ನು ನಿಲ್ಲಿಸಿದ. ಮೇ 18ಕ್ಕೆ ಚೀನಾದ ಹಣಕಾಸು ಸಂಘಗಳು ತಮ್ಮ ಸದಸ್ಯರಿಗೆ ಕ್ರಿಪ್ಟೋ ಸೇವೆ ಕೊಡಬೇಡಿ ಎಂದವು. ಆಕಾರ ಮೊದಲೇ ಇತ್ತು, ನಿಜ. ಬೀಳುವಿಕೆಯ ವೇಗ ಮಾತ್ರ ಸುದ್ದಿಯಿಂದ ಬಂದದ್ದು. ಇದೊಂದು ಚಿತ್ರವನ್ನೇ ತೋರಿಸಿದರೆ ಕಲಿಯುವವನ ತಲೆಯಲ್ಲಿ ಉಳಿಯುವುದು ‘ನೆಕ್‌ಲೈನ್ ಮುರಿದರೆ ಮೂರು ದಿನದಲ್ಲಿ ಟಾರ್ಗೆಟ್’ ಎಂಬ ಲೆಕ್ಕ. ಅದೇ ವರ್ಷದ ಮುಂದಿನ ಮೂರು ತಿಂಗಳು ಆ ಲೆಕ್ಕವನ್ನು ಕೆಡಿಸುತ್ತವೆ. ಅದನ್ನು ಯಾರೂ ಸ್ಲೈಡ್ ಮಾಡುವುದಿಲ್ಲ.

ಮೇ 19ರ 30,000ದ ನಂತರ ಬೆಲೆ ಏರಿ ಜೂನ್ ಮಧ್ಯದಲ್ಲಿ 41,300 ಮುಟ್ಟಿತು. ಮತ್ತೆ ಇಳಿದು ಜೂನ್ 22ಕ್ಕೆ 28,800. ಮತ್ತೆ ಏರಿ ಜೂನ್ ಕೊನೆಗೆ 36,600. ಮತ್ತೆ ಇಳಿದು ಜುಲೈ 20ಕ್ಕೆ 29,300. ಈಗ ಹೇಳಿ, ಇದರಲ್ಲಿ ಡಬಲ್ ಬಾಟಮ್ ಯಾವುದು? ಮೇ ಮತ್ತು ಜೂನ್ ಗುಂಡಿಗಳೇ, ಜೂನ್ ಮತ್ತು ಜುಲೈ ಗುಂಡಿಗಳೇ? ಡಬಲ್ ಬಾಟಮಿನ ನೆಕ್‌ಲೈನ್ ಎಂದರೆ ಎರಡು ಗುಂಡಿಗಳ ನಡುವಿನ ಗುಡ್ಡದ ತುದಿ. ಜೂನ್–ಜುಲೈ ಜೋಡಿ ಹಿಡಿದರೆ ನೆಕ್‌ಲೈನ್ 36,600, ಟಾರ್ಗೆಟ್ ಸುಮಾರು 44,000. ಮೇ ತಿಂಗಳಿನದನ್ನೂ ಸೇರಿಸಿ ಇಡೀ ತಳವನ್ನು ಒಂದೇ ಆಕಾರವೆಂದು ಹಿಡಿದರೆ ನೆಕ್‌ಲೈನ್ 41,300, ಟಾರ್ಗೆಟ್ 53,800ರ ಹತ್ತಿರ. ಇವೆರಡೂ ನಿಯಮದ ಪ್ರಕಾರ ಸರಿ. ಎರಡಕ್ಕೂ ಕೊಳ್ಳುವ ಬೆಲೆ, ಸ್ಟಾಪ್‌ಲಾಸ್, ಗುರಿ ಬೇರೆ ಬೇರೆ. ಒಂದೇ ಸರಿ ಉತ್ತರವಿರುವ ಬಿಟ್ ಇದಲ್ಲ. ಯಾವ ನೆಕ್‌ಲೈನ್ ಹಿಡಿದಿದ್ದೇನೆಂದು ಮೊದಲೇ ಬರೆದಿಟ್ಟವನಿಗೆ ಮಾತ್ರ ಇದು ಪ್ಯಾಟರ್ನ್. ಆಮೇಲೆ ಗೆರೆ ಎಳೆಯುವವನಿಗೆ ಎರಡರಲ್ಲಿ ಒಂದು ಯಾವಾಗಲೂ ಗೆದ್ದೇ ಇರುತ್ತದೆ.

ದೊಡ್ಡ ನೆಕ್‌ಲೈನನ್ನೇ, 41,300ನ್ನೇ, ಹಿಡಿಯೋಣ. ಜುಲೈ 30ರ ಶುಕ್ರವಾರ ದಿನದ ಕ್ಯಾಂಡಲ್ 42,200ರ ಹತ್ತಿರ ಮುಚ್ಚಿತು. ದಿನದ ಚಾರ್ಟ್ ನೋಡುವವನಿಗೆ ಇದು ಬ್ರೇಕ್‌ಔಟ್. ಶನಿವಾರ, ಭಾನುವಾರ ಕೂಡ ಬೆಲೆ 42,000ದ ಮೇಲೆ ಹೋಗಿ ಬಂತು. ವಾರದ ಚಾರ್ಟಿಗೆ ಮಾತ್ರ ಇವು ಯಾವುವೂ ಲೆಕ್ಕಕ್ಕಿಲ್ಲ. ಕ್ರಿಪ್ಟೋ ಪೇಟೆಗೆ ರಜೆಯಿಲ್ಲ, ಸಂಜೆ ಗಂಟೆ ಬಾರಿಸುವವರಿಲ್ಲ. ಹಾಗಾಗಿ ಚಾರ್ಟಿನ ವಾರ ಮುಗಿಯುವುದು ಲಂಡನ್ನಿನ ಗ್ರೀನ್‌ವಿಚ್ ಸಮಯದ ಭಾನುವಾರ ಮಧ್ಯರಾತ್ರಿಗೆ. ನಮ್ಮ ಗಡಿಯಾರದಲ್ಲಿ ಅದು ಸೋಮವಾರ ಬೆಳಗ್ಗೆ 5:30. ಆಗಸ್ಟ್ 2ರ ಸೋಮವಾರ ಬೆಳಗ್ಗೆ 5:30ಕ್ಕೆ ಬೆಲೆ 40,000ಕ್ಕಿಂತ ತುಸು ಕೆಳಗಿತ್ತು. ಅಂದರೆ ನೆಕ್‌ಲೈನಿನ ಕೆಳಗೆ. ಶುಕ್ರವಾರದ ಬ್ರೇಕ್‌ಔಟ್ ವಾರದ ಚಾರ್ಟಿನಲ್ಲಿ ಒಂದು ಸಣ್ಣ ಬತ್ತಿಯಾಗಿ ಉಳಿಯಿತು ಅಷ್ಟೆ. ಮೂರು ದಿನ ಕಳೆದು ಆಗಸ್ಟ್ 5ರಂದು ಬೆಲೆ 37,300ಕ್ಕೆ ಇಳಿಯಿತು. ಶನಿವಾರ 42,000ಕ್ಕೆ ಕೊಂಡು ಹತ್ತು ಪರ್ಸೆಂಟ್ ಸ್ಟಾಪ್‌ಲಾಸ್ ಇಟ್ಟವನು ಅಲ್ಲಿ ಹೊರಬಿದ್ದ. ಅದೇ ದಿನದಿಂದ ಬೆಲೆ ತಿರುಗಿ, ಆಗಸ್ಟ್ 9ರ ಸೋಮವಾರ ಬೆಳಗ್ಗೆ ಮುಗಿದ ವಾರ 43,800ರ ಹತ್ತಿರ ಮುಚ್ಚಿತು. ನೆಕ್‌ಲೈನಿನ ದೃಢೀಕರಣ ಎಂದರೆ ಇದು.

ಕಾದವನಿಗೆ ಬೆಲೆ ತೆರಬೇಕಾಯಿತು, ಅದನ್ನೂ ಒಪ್ಪಬೇಕು. ಅವನು 42,000ದ ಬದಲು 43,800ಕ್ಕೆ ಕೊಂಡ, 1,800 ಡಾಲರ್ ಹೆಚ್ಚು. ಅಲ್ಲಿಂದ ಮುಂದಿನ ದಾರಿಯೂ ಸ್ಲೈಡಿನ ಥರ ನೆಟ್ಟಗಿರಲಿಲ್ಲ. ಸೆಪ್ಟೆಂಬರ್ 7ಕ್ಕೆ, ಎಲ್ ಸಾಲ್ವಡಾರ್ ಬಿಟ್‌ಕಾಯಿನನ್ನು ಕಾನೂನುಬದ್ಧ ಹಣವಾಗಿಸಿದ ದಿನ, ಬೆಲೆ 52,900 ಮುಟ್ಟಿತು. ಟಾರ್ಗೆಟಿಗೆ ಸುಮಾರು 900 ಡಾಲರ್ ಬಾಕಿ ಇರುವಾಗಲೇ ಅದೇ ದಿನ 43,000ದ ಹತ್ತಿರಕ್ಕೆ ಕುಸಿಯಿತು. ಸೆಪ್ಟೆಂಬರ್ 21ಕ್ಕೆ 39,600. ಆಗ ಕಾದವನೂ ನಷ್ಟದಲ್ಲಿದ್ದ. ಆದರೆ ಗಮನಿಸಿ, ಆ ವಾರ ಮುಚ್ಚಿದ್ದು 43,000ದ ಮೇಲೆ. ಆಗಸ್ಟಿನಲ್ಲಿ ದಾಟಿದ ಮೇಲೆ ಆ ಎರಡು ತಿಂಗಳಲ್ಲಿ ಒಂದು ವಾರವೂ 41,300ರ ಕೆಳಗೆ ಮುಚ್ಚಲಿಲ್ಲ. ಅಕ್ಟೋಬರ್ ಮೊದಲ ವಾರ ಟಾರ್ಗೆಟ್ ದಾಟಿತು. ಒಳಹೊಕ್ಕಲು ವಾರದ ಮುಚ್ಚುವಿಕೆಯನ್ನು ಕಾದವನು ಹೊರಬೀಳಲು ದಿನದ ಬೆಲೆ ನೋಡಿದ್ದರೆ ಸೋಲುತ್ತಿದ್ದ. ಕ್ಲಾಸಿನಲ್ಲಿ ಕೊಳ್ಳುವುದಕ್ಕೊಂದು ಚಾರ್ಟು, ಮಾರುವುದಕ್ಕೊಂದು ಚಾರ್ಟು ಎಂದು ಬೆರೆಸುವುದನ್ನು ನೋಡಿದಾಗಲೆಲ್ಲ ನನಗೆ ಈ ಸೆಪ್ಟೆಂಬರ್ ನೆನಪಾಗುತ್ತದೆ.

ವಾರದ ಮುಚ್ಚುವಿಕೆಯನ್ನು ಕಾಯುವುದು ಎಲ್ಲ ಕಡೆ ಕಾಪಾಡುತ್ತದೆ ಎಂದು ನಾನು ಹೇಳುತ್ತಿಲ್ಲ. 2022ರ ಮೇ 9ರ ಸೋಮವಾರ ಬೆಳಗ್ಗೆ ಲೂನಾ ಎಂಬ ನಾಣ್ಯ 60 ಡಾಲರಿನ ಆಸುಪಾಸಿನಲ್ಲಿತ್ತು. ಮುಂದಿನ ಸೋಮವಾರ ಬರುವಷ್ಟರಲ್ಲಿ ಒಂದು ಪೈಸೆಗೂ ಬಾಳುತ್ತಿರಲಿಲ್ಲ. ಎರಡು ವಾರದ ಮುಚ್ಚುವಿಕೆಗಳ ನಡುವೆಯೇ ಸತ್ತ ನಾಣ್ಯಕ್ಕೆ ನೆಕ್‌ಲೈನ್ ಎಳೆಯುವುದು ಎಲ್ಲಿ? ವಾರದ ಚಾರ್ಟಿನ ಈ ಮಾತೆಲ್ಲ ಬಿಟ್‌ಕಾಯಿನ್, ಹೆಚ್ಚೆಂದರೆ ಈಥರ್‌ನಂಥ, ವರ್ಷಗಟ್ಟಲೆ ದೊಡ್ಡ ವ್ಯವಹಾರ ಇರುವ ನಾಣ್ಯಗಳಿಗೆ ಮಾತ್ರ. ಸಣ್ಣ ನಾಣ್ಯದ ಆರು ತಿಂಗಳ ಚಾರ್ಟಿನ ಮೇಲೆ ಹೆಡ್ ಅಂಡ್ ಶೋಲ್ಡರ್ಸ್ ಬರೆದು ತೋರಿಸುವವರ ಬಗ್ಗೆ ಮಾತಾಡುವುದೇ ದಂಡ.

ಈಗ ಟಾರ್ಗೆಟಿನ ವಿಷಯ. ನಮ್ಮ ಬೀದಿಯ ಹಾಸ್ಟೆಲಿನಲ್ಲಿರುವ ಸಿಂಧನೂರಿನ ಹುಡುಗನೊಬ್ಬ ಒಂದು ಸಂಜೆ ನೋಟ್‌ಬುಕ್ ಹಿಡಿದು ಬಂದ. ಬಿಟ್‌ಕಾಯಿನ್ 2021ರ ಏಪ್ರಿಲ್‌ನಲ್ಲಿ 64,800, ನವೆಂಬರ್‌ನಲ್ಲಿ 69,000 ಮುಟ್ಟಿ ಎರಡೂ ಸಲ ತಿರುಗಿತ್ತು. ನಡುವಿನ ತಗ್ಗು 28,800. ಡಬಲ್ ಬಾಟಮಿನ ತಲೆಕೆಳಗಾದ ರೂಪ, ಡಬಲ್ ಟಾಪ್. ಎತ್ತರವನ್ನು ನೆಕ್‌ಲೈನಿನಿಂದ ಕಳೆಯಿರಿ ಎಂದು ಕ್ಲಾಸಿನಲ್ಲಿ ಹೇಳಿದ್ದಂತೆ ಅವನು ಕಳೆದಿದ್ದ. “ಟಾರ್ಗೆಟ್ ಮೈನಸ್ ಬರಾಕತ್ತೈತಲ್ಲಣ್ಣಾ, ಇದೇನು?” ಎಂದ.

ಅವನ ಲೆಕ್ಕ ಸರಿಯಾಗಿಯೇ ಇತ್ತು. 69,000ದಿಂದ 28,800 ಕಳೆದರೆ 40,200. ಅದನ್ನು 28,800ರಿಂದ ಕಳೆದರೆ ಸೊನ್ನೆಗಿಂತ 11,400 ಕೆಳಗೆ. ಬಿಟ್‌ಕಾಯಿನ್ ಕೊಂಡವರಿಗೆ ಮೇಲಿಂದ ದುಡ್ಡು ಕೊಡಬೇಕಾಗುತ್ತದೆ! ತಪ್ಪಿರುವುದು ನಿಯಮದಲ್ಲಿ. ಈ ಅಳತೆ ಬಂದದ್ದು ಹತ್ತಿಪ್ಪತ್ತು ಪರ್ಸೆಂಟ್ ಏರಿಳಿಯುವ ಷೇರುಗಳ ಕಾಲದಿಂದ. ಅಲ್ಲಿ ಡಾಲರಿನಲ್ಲಿ ಅಳೆದರೂ ಪರ್ಸೆಂಟಿನಲ್ಲಿ ಅಳೆದರೂ ಹೆಚ್ಚು ವ್ಯತ್ಯಾಸ ಬೀಳುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಬೀಳುವ ವಸ್ತುವಿಗೆ ಅದನ್ನು ಡಾಲರಿನಲ್ಲಿ ಹಚ್ಚಿದರೆ ಹೀಗೆ ಅಸಂಬದ್ಧವಾಗುತ್ತದೆ. ವಾರದ ಕ್ರಿಪ್ಟೋ ಚಾರ್ಟನ್ನು ಲಾಗ್ ಸ್ಕೇಲಿಗೆ ಹಾಕಿ ಅನುಪಾತದಲ್ಲಿ ಅಳೆಯಬೇಕು. 69,000ದಿಂದ 28,800 ಎಂದರೆ ಸುಮಾರು 58 ಪರ್ಸೆಂಟ್ ಇಳಿತ. 28,800ರಿಂದ ಇನ್ನೊಂದು 58 ಪರ್ಸೆಂಟ್ ಇಳಿದರೆ 12,000. 2022ರ ಜೂನ್ 12ಕ್ಕೆ ಮುಗಿದ ವಾರ ಬೆಲೆ 27,000ದ ಕೆಳಗೆ, ಅಂದರೆ ಈ ನೆಕ್‌ಲೈನಿನ ಕೆಳಗೆ ಮುಚ್ಚಿತು. ಒಂದೇ ವಾರದಲ್ಲಿ 17,600. ನವೆಂಬರಿನಲ್ಲಿ ಎಫ್‌ಟಿಎಕ್ಸ್ ಎಕ್ಸ್‌ಚೇಂಜ್ ದಿವಾಳಿಯಾದ ಮೇಲೆ 15,500ರ ಹತ್ತಿರ ತಳ ಮುಟ್ಟಿತು. 12,000 ಬರಲೇ ಇಲ್ಲ. ಆದರೂ 12,000 ಎಂಬುದು ಕಡೇಪಕ್ಷ ಸಾಧ್ಯವಿರುವ ಒಂದು ಬೆಲೆ.

ಆ ಹುಡುಗನ ಕ್ಲಾಸಿನಲ್ಲಿ ಮೈನಸ್ ಬಂದದ್ದನ್ನು ಕೇಳಿದಾಗ ಸಿಕ್ಕ ಉತ್ತರ “ಈ ಪ್ಯಾಟರ್ನ್ ಸಿಲಬಸ್ಸಿನಲ್ಲಿಲ್ಲ” ಎಂದಂತೆ.

ಇನ್ನು ವಾಲ್ಯೂಮ್. ನನ್ನ ದೊಡ್ಡ ಜಗಳ ಇರುವುದು ಇಲ್ಲಿ.

ವಾಲ್ಯೂಮ್ ಎಂದರೆ ಆ ವಾರ ಎಷ್ಟು ನಾಣ್ಯ ಕೈ ಬದಲಾಯಿತು ಎಂಬ ಎಣಿಕೆ. ಎಡ್ವರ್ಡ್ಸ್ ಮತ್ತು ಮಗೀ ಎಂಬ ಇಬ್ಬರು ಅಮೆರಿಕನ್ನರು 1948ರಲ್ಲಿ ಬರೆದ ಪುಸ್ತಕದ ನಿಯಮಗಳೇ ಇವತ್ತಿಗೂ ಎಲ್ಲ ಕ್ಲಾಸುಗಳಲ್ಲಿ ಓಡುತ್ತಿವೆ. ಹೆಡ್ ಅಂಡ್ ಶೋಲ್ಡರ್ಸ್ ತುದಿಯಲ್ಲಿ ವಾಲ್ಯೂಮ್ ಎಡ ಭುಜದಿಂದ ಬಲ ಭುಜಕ್ಕೆ ಬರುತ್ತ ಕಡಿಮೆಯಾಗಬೇಕು. ಕೆಳಗೆ ಮುರಿಯುವಾಗ ಹೆಚ್ಚಿನ ವಾಲ್ಯೂಮ್ ಇಲ್ಲದಿದ್ದರೂ ನಡೆಯುತ್ತದೆ. ತಳದ ಆಕಾರಗಳಲ್ಲಿ, ಅಂದರೆ ತಲೆಕೆಳಗಾದ ಹೆಡ್ ಅಂಡ್ ಶೋಲ್ಡರ್ಸ್ ಮತ್ತು ಡಬಲ್ ಬಾಟಮಿನಲ್ಲಿ, ನೆಕ್‌ಲೈನ್ ಮೇಲಕ್ಕೆ ಮುರಿಯುವಾಗ ವಾಲ್ಯೂಮ್ ಚೆನ್ನಾಗಿ ಏರಲೇಬೇಕು. ಏರದಿದ್ದರೆ ನಂಬಬೇಡಿ. ಇದರ ಹಿಂದಿನ ತರ್ಕ ಸರಳ. ಬೆಲೆ ತಾನಾಗಿ ಬಿದ್ದೀತು, ಏರಬೇಕಾದರೆ ಯಾರಾದರೂ ದುಡ್ಡು ಹಾಕಬೇಕು.

ಆ ತರ್ಕದ ಕೆಳಗೆ ಒಂದು ಅಡಿಪಾಯವಿತ್ತು. ಅವರು ಬರೆಯುತ್ತಿದ್ದ ಕಾಲದ ನ್ಯೂಯಾರ್ಕ್ ಷೇರುಪೇಟೆಯಲ್ಲಿ ಪ್ರತಿ ವಹಿವಾಟಿಗೂ ದಲಾಲಿ ನಿಗದಿಯಾಗಿತ್ತು. ಅದು ಹೋದದ್ದು 1975ರ ಮೇ 1ಕ್ಕೆ. ತಾನೇ ಮಾರಿ ತಾನೇ ಕೊಂಡು ವಾಲ್ಯೂಮ್ ಉಬ್ಬಿಸುವುದು ಅಮೆರಿಕದಲ್ಲಿ 1934ರ ಕಾನೂನಿನಿಂದಲೇ ಅಪರಾಧ. ಹೀಗೆ ಪ್ರತಿ ಷೇರು ಕೈ ಬದಲಾಗಲೂ ಯಾರಿಗೋ ಖರ್ಚು ಬೀಳುತ್ತಿದ್ದುದರಿಂದಲೇ ವಾಲ್ಯೂಮ್ ಕಡ್ಡಿಗೆ ಅರ್ಥವಿತ್ತು. ಆ ಖರ್ಚನ್ನು ತೆಗೆದುಬಿಟ್ಟರೆ, ಇಲ್ಲವೇ ಏಕಾಏಕಿ ಏರಿಸಿಬಿಟ್ಟರೆ, ಕಡ್ಡಿ ಏನು ಹೇಳುತ್ತದೆ?

ಇದು ಊಹೆಯ ಪ್ರಶ್ನೆಯಲ್ಲ. 2022ರ ಜುಲೈ ಮೊದಲ ಎಂಟು ದಿನಗಳಲ್ಲಿ ಎರಡೂ ನಡೆದವು. ಅದೂ ಬಿಟ್‌ಕಾಯಿನ್ ಚಾರ್ಟಿನಲ್ಲಿ ಒಂದು ದೊಡ್ಡ ತಳದ ಆಕಾರ ಮೂಡುತ್ತಿರುವಾಗಲೇ. ಜುಲೈ 1ರಿಂದ ಭಾರತದಲ್ಲಿ ಕ್ರಿಪ್ಟೋ ಮಾರಾಟದ ಮೇಲೆ ಒಂದು ಪರ್ಸೆಂಟ್ ಟಿಡಿಎಸ್ ಬಂತು. ಜುಲೈ 8ರಿಂದ ಜಗತ್ತಿನ ಅತಿ ದೊಡ್ಡ ಎಕ್ಸ್‌ಚೇಂಜ್ ಆದ ಬೈನಾನ್ಸ್, ಬಿಟ್‌ಕಾಯಿನಿನ ಹದಿಮೂರು ಜೋಡಿಗಳ ಮೇಲೆ ಶುಲ್ಕವನ್ನು ಸೊನ್ನೆ ಮಾಡಿತು.

ಆಕಾರ ಹೀಗಿತ್ತು. ಎಡ ಭುಜ 2022ರ ಜೂನಿನ 17,600. ಆಮೇಲೆ ಆಗಸ್ಟಿನಲ್ಲಿ 25,200ರವರೆಗೆ ಏರಿಕೆ. ತಲೆ ನವೆಂಬರಿನ 15,500. ಮತ್ತೆ 2023ರ ಫೆಬ್ರವರಿಯಲ್ಲಿ 25,200ರ ಆಸುಪಾಸಿಗೇ ಏರಿಕೆ. ಬಲ ಭುಜ ಮಾರ್ಚ್ 10ರ 19,600. ಅದು ಅಮೆರಿಕದಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದ ದಿನ. ನೆಕ್‌ಲೈನ್ ಹಾಸಿಟ್ಟ ಹಾಗೆ ಅಡ್ಡ, 25,200. ಮಾರ್ಚ್ 14ಕ್ಕೆ ಒಂದು ದಿನ ಬೆಲೆ 26,000 ದಾಟಿ ಮತ್ತೆ ನೆಕ್‌ಲೈನಿನ ಕೆಳಗೆ ಬಂತು. ವಾರ ಮುಗಿದು ಮಾರ್ಚ್ 20ರ ಸೋಮವಾರ ಬೆಳಗ್ಗೆ 5:30ಕ್ಕೆ ನೋಡಿದರೆ 28,000. ಇದಕ್ಕಿಂತ ಸ್ವಚ್ಛವಾದ ದೃಢೀಕರಣ ಬೇಕಿಲ್ಲ.

ಈಗ ಇದೇ ಆಕಾರದ ವಾಲ್ಯೂಮನ್ನು ಎರಡು ಚಾರ್ಟುಗಳಲ್ಲಿ ನೋಡಿ. ಬೈನಾನ್ಸಿನ BTCUSDT ಚಾರ್ಟಿನಲ್ಲಿ ಎಡ ಭುಜ ಇರುವುದು ಶುಲ್ಕ ಇದ್ದ ಕಾಲದಲ್ಲಿ. ತಲೆ, ಬಲ ಭುಜ, ನೆಕ್‌ಲೈನ್ ಮುರಿದ ವಾರ ಮೂರೂ ಸೊನ್ನೆ ಶುಲ್ಕದ ಕಾಲದಲ್ಲಿ. ಕಡ್ಡಿಗಳು ಜುಲೈಯಿಂದ ಥಟ್ಟನೆ ಉದ್ದವಾಗಿವೆ. ಕ್ಲಾಸಿನವರು ಇದನ್ನು ‘ದೊಡ್ಡ ಕುಳಗಳು ಕೊಳ್ಳುತ್ತಿರುವ ಗುರುತು’ ಎನ್ನುತ್ತಾರೆ. ಅದೇ ಅವಧಿಗೆ ಭಾರತದ ಯಾವುದಾದರೂ ಎಕ್ಸ್‌ಚೇಂಜಿನ ರೂಪಾಯಿ ಚಾರ್ಟ್ ತೆಗೆದರೆ ಎಡ ಭುಜದ ಕಡ್ಡಿ ಉದ್ದ, ತಲೆ ಮತ್ತು ಬಲ ಭುಜದವು ಮೋಟು. ಟಿಡಿಎಸ್ ಬಂದು ದಿನವಹಿ ಕೊಟ್ಟು ಕೊಳ್ಳುವವರೆಲ್ಲ ಹೊರಟುಹೋಗಿದ್ದರು. ಅದೇ ನಿಯಮದಲ್ಲಿ ಓದಿದರೆ ‘ಯಾರಿಗೂ ಆಸಕ್ತಿ ಇಲ್ಲ, ಬ್ರೇಕ್‌ಔಟ್ ನಂಬಬೇಡಿ’. ಬೆಲೆ ಒಂದೇ, ಆಕಾರ ಒಂದೇ, ವಾರಗಳೂ ಅವೇ. ವಾಲ್ಯೂಮಿನ ತೀರ್ಪು ಮಾತ್ರ ಒಂದಕ್ಕೊಂದು ಎದುರು. ಆ ತೀರ್ಪು ಬರೆದವರು ಕೊಳ್ಳುವವರೂ ಅಲ್ಲ, ಮಾರುವವರೂ ಅಲ್ಲ. ಒಂದು ಕಡೆ ಎಕ್ಸ್‌ಚೇಂಜಿನ ಮಾರ್ಕೆಟಿಂಗ್ ವಿಭಾಗ, ಇನ್ನೊಂದು ಕಡೆ ನಮ್ಮ ಹಣಕಾಸು ಸಚಿವಾಲಯ.

(ನೆಕ್‌ಲೈನ್ ಕೂಡ ರೂಪಾಯಿಯಲ್ಲಿ ಅಡ್ಡ ಉಳಿಯಲಿಲ್ಲ. ಆಗಸ್ಟಿನಲ್ಲಿ ಡಾಲರಿಗೆ ಸುಮಾರು 79.5 ರೂಪಾಯಿ, ಫೆಬ್ರವರಿಯಲ್ಲಿ ಸುಮಾರು 82.7. ಹಾಗಾಗಿ ಅದೇ 25,200 ಡಾಲರ್ ಮೊದಲು 20 ಲಕ್ಷ, ಆಮೇಲೆ 21 ಲಕ್ಷಕ್ಕೆ ಹತ್ತಿರ. ರೂಪಾಯಿ ಚಾರ್ಟಿನಲ್ಲಿ ಗೆರೆ ಎಳೆಯುವವರು ಡಾಲರ್ ಚಾರ್ಟನ್ನೂ ಪಕ್ಕದಲ್ಲಿಡಲಿ.)

ಕಥೆ ಇಲ್ಲಿಗೆ ಮುಗಿಯಲಿಲ್ಲ. ನೆಕ್‌ಲೈನ್ ಮುರಿದ ವಾರ ಮುಗಿದು ಎರಡೇ ದಿನಕ್ಕೆ, ಮಾರ್ಚ್ 22ಕ್ಕೆ, ಬೈನಾನ್ಸ್ ಸೊನ್ನೆ ಶುಲ್ಕವನ್ನು ನಿಲ್ಲಿಸಿತು. ಟಿಯುಎಸ್‌ಡಿ ಎಂಬ ಒಂದು ಜೋಡಿಗೆ ಮಾತ್ರ ಉಳಿಸಿತು. BTCUSDT ಚಾರ್ಟಿನ ಕಡ್ಡಿಗಳು ಕುಸಿದವು. ವಹಿವಾಟಿನ ದೊಡ್ಡ ಪಾಲು ಅದೇ ಎಕ್ಸ್‌ಚೇಂಜಿನ ಟಿಯುಎಸ್‌ಡಿ ಜೋಡಿಗೆ ಸರಿಯಿತು. ‘ಬ್ರೇಕ್‌ಔಟ್ ಆದ ಮೇಲೆ ವಾಲ್ಯೂಮ್ ಒಣಗಿದರೆ ಅದು ನಕಲಿ’ ಎಂದು ಕಲಿತವರು ಹೆದರಿ ಮಾರಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೆ? ಬೆಲೆ ಜೂನಿನಲ್ಲಿ ಒಮ್ಮೆ ನೆಕ್‌ಲೈನಿನ ಕೆಳಗೆ 24,800 ಮುಟ್ಟಿತಾದರೂ ಆ ವಾರ ಮುಚ್ಚಿದ್ದು 26,000ದ ಮೇಲೆ. ಡಾಲರ್ ಅಳತೆಯ ಟಾರ್ಗೆಟ್ ಆದ 35,000 ಬಂದದ್ದು ಅಕ್ಟೋಬರ್ ಕೊನೆಯ ಭಾಗದಲ್ಲಿ. ಅನುಪಾತದ ಅಳತೆಯ 41,000 ಬಂದದ್ದು ಡಿಸೆಂಬರಿನಲ್ಲಿ. ಆಕಾರ ಕೆಲಸ ಮಾಡಿತು, ಒಂಬತ್ತು ತಿಂಗಳು ತೆಗೆದುಕೊಂಡು. ವಾಲ್ಯೂಮ್ ಅದಕ್ಕೆ ಸಾಕ್ಷಿಯಾಗಿರಲಿಲ್ಲ.

ಶುಲ್ಕದ ಮಾತು ಬಿಡಿ, ಇಲ್ಲದ ವಹಿವಾಟನ್ನೇ ತೋರಿಸುವ ಎಕ್ಸ್‌ಚೇಂಜುಗಳೂ ಇದ್ದವು. 2019ರ ಮಾರ್ಚಿನಲ್ಲಿ ಬಿಟ್‌ವೈಸ್ ಎಂಬ ಕಂಪನಿ ಅಮೆರಿಕದ ಷೇರು ನಿಯಂತ್ರಕರಿಗೆ 81 ಎಕ್ಸ್‌ಚೇಂಜುಗಳ ಲೆಕ್ಕ ತೆಗೆದು ಒಪ್ಪಿಸಿತು. ಬಿಟ್‌ಕಾಯಿನಿನದ್ದೆಂದು ವರದಿಯಾಗುತ್ತಿದ್ದ ವಾಲ್ಯೂಮಿನಲ್ಲಿ ಸುಮಾರು 95 ಪರ್ಸೆಂಟ್ ಸುಳ್ಳು ಅಥವಾ ಆರ್ಥಿಕ ಅರ್ಥವಿಲ್ಲದ್ದು, ನಂಬಬಹುದಾದ ಎಕ್ಸ್‌ಚೇಂಜುಗಳು ಹತ್ತು ಮಾತ್ರ ಎಂದಿತು. ಬಿಟ್‌ವೈಸ್ ಆಗ ಸ್ವತಃ ಬಿಟ್‌ಕಾಯಿನ್ ಫಂಡಿಗೆ ಅನುಮತಿ ಕೇಳುತ್ತಿತ್ತು. ಅಸಲಿ ಪೇಟೆ ಸಣ್ಣದು, ಶಿಸ್ತಿನದು ಎಂದು ತೋರಿಸುವುದು ಅದಕ್ಕೆ ಬೇಕಾಗಿತ್ತು. ಆ ಅನುಮಾನ ಇಟ್ಟುಕೊಂಡು ಓದಿದರೂ ಆ ವರ್ಷಗಳ ವಾಲ್ಯೂಮ್ ಕಡ್ಡಿಯನ್ನು ಪಾಠಕ್ಕೆ ಬಳಸುವ ಧೈರ್ಯ ಬರಬಾರದು.

ವಾಲ್ಯೂಮ್ ಅಸಲಿಯೇ ಆಗಿದ್ದರೂ ಒಂದು ತೊಡಕಿದೆ. ಕ್ಯಾರಲ್ ಆಸ್ಲರ್ ಎಂಬ ಅರ್ಥಶಾಸ್ತ್ರಜ್ಞೆ ನ್ಯೂಯಾರ್ಕ್ ಫೆಡರಲ್ ರಿಸರ್ವ್‌ನಲ್ಲಿದ್ದಾಗ ಹೆಡ್ ಅಂಡ್ ಶೋಲ್ಡರ್ಸನ್ನು ಗಂಭೀರವಾಗಿ ಪರೀಕ್ಷೆಗೆ ಒಡ್ಡಿದವರು. 1995ರಲ್ಲಿ ಕೆವಿನ್ ಚಾಂಗ್ ಜೊತೆ ಆರು ಕರೆನ್ಸಿಗಳನ್ನು ನೋಡಿದಾಗ ಜರ್ಮನಿಯ ಮಾರ್ಕ್ ಮತ್ತು ಜಪಾನಿನ ಯೆನ್‌ನಲ್ಲಿ ಲಾಭ ಕಂಡಿತು, ಉಳಿದ ನಾಲ್ಕರಲ್ಲಿ ಕಾಣಲಿಲ್ಲ. ಆಮೇಲೆ 1998ರಲ್ಲಿ ಅಮೆರಿಕದ ಷೇರುಗಳನ್ನು ನೋಡಿದರು. ಲಾಭ ಇಲ್ಲ. ಆದರೆ ನೆಕ್‌ಲೈನ್ ದಾಟುವ ದಿನ ವಾಲ್ಯೂಮ್ ಮಾತ್ರ ಎದ್ದು ಕಾಣುವಷ್ಟು ಏರುತ್ತಿತ್ತು. ಇದರ ಅರ್ಥ ಯೋಚಿಸಿ. ನೆಕ್‌ಲೈನ್ ಮುರಿಯುವಾಗ ವಾಲ್ಯೂಮ್ ಏರುವುದಕ್ಕೆ ಒಂದು ಕಾರಣ, ಆ ಪುಸ್ತಕ ಓದಿದ ಸಾವಿರಾರು ಜನ ಅದೇ ಗೆರೆಯ ಮೇಲೆ ಆರ್ಡರ್ ಇಟ್ಟು ಕೂತಿರುವುದು. ಅಂಥ ಏರಿಕೆ ಆಕಾರಕ್ಕೆ ಸಾಕ್ಷಿಯಾಗದು. ಅದು ಕ್ಲಾಸಿನ ಹಾಜರಿ ಪುಸ್ತಕ.

ಹಾಗಾದರೆ ವಾಲ್ಯೂಮನ್ನು ನೋಡಲೇಬಾರದೆ? ನೋಡಬಹುದು, ಒಂದೇ ಚಾರ್ಟಿನದನ್ನಲ್ಲ. ಷಿಕಾಗೋದ ಸಿಎಂಇ ಪೇಟೆಯಲ್ಲಿ 2017ರ ಡಿಸೆಂಬರಿನಿಂದ ಬಿಟ್‌ಕಾಯಿನ್ ಫ್ಯೂಚರ್ಸ್ ಇದೆ. ಅಲ್ಲಿನ ಎಣಿಕೆಯ ಮೇಲೆ ಸರ್ಕಾರದ ಕಣ್ಣಿದೆ. 2024ರ ಜನವರಿ 11ರಿಂದ ಅಮೆರಿಕದ ಷೇರುಪೇಟೆಗಳಲ್ಲಿ ಬಿಟ್‌ಕಾಯಿನ್ ಇಟಿಎಫ್‌ಗಳೂ ನಡೆಯುತ್ತಿವೆ. ಇವೆರಡನ್ನೂ, ಡಾಲರಿನಲ್ಲಿ ನೇರ ವಹಿವಾಟು ನಡೆಸುವ ಒಂದು ಹಳೆಯ ಎಕ್ಸ್‌ಚೇಂಜನ್ನೂ ಪಕ್ಕಪಕ್ಕ ಇಡಿ. ನೆಕ್‌ಲೈನ್ ಮುರಿದ ವಾರದ ವಾಲ್ಯೂಮನ್ನು ಅದರ ಹಿಂದಿನ ಇಪ್ಪತ್ತು ವಾರಗಳ ಸರಾಸರಿಗೆ ಹೋಲಿಸಿ. ಮೂರೂ ಕಡೆ ಒಂದೇ ದಿಕ್ಕಿಗೆ ಹೋಗಿದ್ದರೆ ಏನೋ ಇದೆ. ಒಂದೇ ಕಡೆ ಏರಿದ್ದರೆ ಮೊದಲು ಆ ಎಕ್ಸ್‌ಚೇಂಜಿನ ಶುಲ್ಕದ ಪ್ರಕಟಣೆ ಹುಡುಕಿ, ಚಾರ್ಟಿಗೆ ಆಮೇಲೆ ಬನ್ನಿ. ಶನಿವಾರ ಭಾನುವಾರ ಅಮೆರಿಕದ ಷೇರುಪೇಟೆ ಮುಚ್ಚಿರುವುದರಿಂದ ಇಟಿಎಫ್ ವಹಿವಾಟು ಇರುವುದಿಲ್ಲ. ಹಾಗಾಗಿ ಭಾನುವಾರ ರಾತ್ರಿ ತೆಳುವಾದ ಪೇಟೆಯಲ್ಲಿ ಗೆರೆಯ ಆಚೆ ತಳ್ಳಿ ಮುಚ್ಚಿಸಿದ ವಾರಕ್ಕೆ ಮುಂದಿನ ಮಂಗಳವಾರದವರೆಗೆ ಕಾಯುವುದು ನನ್ನ ಪದ್ಧತಿ.

ಇಷ್ಟೆಲ್ಲ ಹಿಂಜಿ ನೋಡುವುದು ಯಾಕೆ ಎಂದು ಕೇಳುವವರಿಗೆ ಒಂದು ಲೆಕ್ಕ. ಒಬ್ಬ ಹುಡುಗ ವರ್ಷಕ್ಕೆ ಹತ್ತು ಪ್ಯಾಟರ್ನ್ ಹಿಡಿದ, ಪ್ರತಿಯೊಂದಕ್ಕೂ ಒಂದು ಲಕ್ಷ ರೂಪಾಯಿ ಹಾಕಿದ ಎಂದಿಟ್ಟುಕೊಳ್ಳಿ. ನಾಲ್ಕು ಗೆದ್ದು ತಲಾ 15 ಪರ್ಸೆಂಟ್ ತಂದವು, 60,000. ಆರು ಸೋತು ತಲಾ 8 ಪರ್ಸೆಂಟ್ ತಿಂದವು, 48,000. ಉಳಿದದ್ದು 12,000 ಲಾಭ. ಕ್ಲಾಸಿನ ಬೋರ್ಡಿನ ಮೇಲೆ ಇದು ಗೆಲ್ಲುವ ಪದ್ಧತಿ. ಆದರೆ 2022ರ ಏಪ್ರಿಲ್ 1ರಿಂದ ನಮ್ಮಲ್ಲಿ ಕ್ರಿಪ್ಟೋ ಲಾಭಕ್ಕೆ 30 ಪರ್ಸೆಂಟ್ ತೆರಿಗೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಆದ್ದರಿಂದ ತೆರಿಗೆ 12,000ಕ್ಕಲ್ಲ, 60,000ಕ್ಕೆ. ಸೆಸ್ ಸೇರಿ 18,720. ಚಾರ್ಟಿನಲ್ಲಿ ಗೆದ್ದ ಹುಡುಗ ವರ್ಷದ ಕೊನೆಗೆ 6,720 ರೂಪಾಯಿ ಸೋತ. ಎಕ್ಸ್‌ಚೇಂಜಿನ ಶುಲ್ಕ ಇದರಲ್ಲಿ ಸೇರಿಲ್ಲ. ಹತ್ತು ಮಾರಾಟಕ್ಕೆ ಕಡಿದ ಒಂದೊಂದು ಪರ್ಸೆಂಟ್ ಟಿಡಿಎಸ್, ಒಟ್ಟು ಹತ್ತು ಸಾವಿರದಷ್ಟು, ರಿಟರ್ನ್ ಸಲ್ಲಿಸಿ ಹೊಂದಿಸಿಕೊಳ್ಳುವವರೆಗೆ ಕೈಯಲ್ಲಿಲ್ಲ.

ಹಾಗಾಗಿ ಶನಿವಾರದ ಸುಳ್ಳು ಬ್ರೇಕ್‌ಔಟಿಗೆ ಕೊಂಡು ಹೊರಬೀಳುವ ಒಂದೊಂದು ನಷ್ಟವೂ ನಮ್ಮವರಿಗೆ ಅಮೆರಿಕದವನಿಗಿಂತ ದುಬಾರಿ. ಅಲ್ಲಿ ನಷ್ಟವನ್ನು ಲಾಭದಲ್ಲಿ ಕಳೆಯಬಹುದು. ಅಲ್ಲಿನ ಪುಸ್ತಕದ ‘ಹತ್ತರಲ್ಲಿ ನಾಲ್ಕು ಗೆದ್ದರೆ ಸಾಕು’ ಎಂಬ ಮಾತನ್ನು ದಿಲ್‌ಸುಖ್‌ನಗರದ ಹಾಸ್ಟೆಲಿನಲ್ಲಿ ಹಾಗೆಯೇ ಹೇಳಿಕೊಡುವವರು ಈ ಲೆಕ್ಕವನ್ನೂ ಬೋರ್ಡಿನ ಮೇಲೆ ಬರೆಯಲಿ. ಬರೆಯುವಾಗ ಇನ್ನೊಂದು ಸಾಲನ್ನೂ ಸೇರಿಸಲಿ: ಕ್ರಿಪ್ಟೋ ಲಾಭದಿಂದ ಕಾನೂನು ಕಳೆಯಲು ಬಿಡುವುದು ನಾಣ್ಯ ಕೊಂಡ ಬೆಲೆಯನ್ನು ಮಾತ್ರ. ಕೋಚಿಂಗ್ ಫೀಸನ್ನು ಕಳೆಯುವಂತಿಲ್ಲ.